ಲಿಫ್ಟು, ತಾರಸಿ, ಪೈಪು: ಬಾಡಿಗೆಯಲ್ಲೇ ಒಂದು ಪಾಲು

ಬಾಡಿಗೆ ಕಟ್ಟಡದ ದೊಡ್ಡ ರಿಪೇರಿಗೆ ಎಷ್ಟು ತೆಗೆದಿಡಬೇಕೆಂಬುದನ್ನು ಆಯಾ ಭಾಗದ ಬಾಳಿಕೆಯೇ ಹೇಳುತ್ತದೆ. ಬೆಂಗಳೂರಿನಲ್ಲಿ ತಲಾ 20,000 ರೂಪಾಯಿ ಬಾಡಿಗೆಯ ಎಂಟು ಮನೆಗಳ ಕಟ್ಟಡವೊಂದಿದೆ ಎನ್ನೋಣ. ಹೊಸ ಲಿಫ್ಟಿಗೆ 12 ಲಕ್ಷ, ಬಾಳಿಕೆ 20 ವರ್ಷ ಎಂದಿಟ್ಟುಕೊಂಡರೆ ತಿಂಗಳಿಗೆ 5,000 ರೂಪಾಯಿ ಎತ್ತಿಡಬೇಕು. ತಾರಸಿಯ ವಾಟರ್‌ಪ್ರೂಫಿಂಗ್‌ಗೆ ಐದು ವರ್ಷಕ್ಕೊಮ್ಮೆ 2.4 ಲಕ್ಷವಾದರೆ 4,000; ಪೈಪುಗಳನ್ನೆಲ್ಲ ಬದಲಿಸಲು 25 ವರ್ಷಕ್ಕೆ 6 ಲಕ್ಷವಾದರೆ 2,000. ಒಟ್ಟು 11,000, ಅಂದರೆ ಬಾಡಿಗೆಯ ಸುಮಾರು ಶೇ. 7.

ಹೆಚ್ಚು ಪೆಟ್ಟು ಬೀಳುವುದು ಹಳೆಯ ಕಟ್ಟಡ ಕೊಂಡವರಿಗೆ. ಲಿಫ್ಟಿಗೆ ಆಗಲೇ 15 ವರ್ಷವಾಗಿದ್ದರೆ ಅದೊಂದಕ್ಕೇ ತಿಂಗಳಿಗೆ 20,000 ಬೇಕು. ಬೆಲೆ ಏರುತ್ತಲೇ ಇರುವುದರಿಂದ ಎರಡು ವರ್ಷಕ್ಕೊಮ್ಮೆ ಹೊಸ ಕೊಟೇಶನ್ ತರಿಸಿ ಮೊತ್ತವನ್ನು ತಿದ್ದಬೇಕು. ಬಾಡಿಗೆದಾರರ ಅಡ್ವಾನ್ಸ್ ಹಿಂದಿರುಗಿಸಬೇಕಾದ ಹಣ. ಅದನ್ನು ಈ ನಿಧಿಯ ಲೆಕ್ಕಕ್ಕೆ ಸೇರಿಸಲೇಬಾರದು.