ಫ್ರೆಂಚ್ ಬರವಣಿಗೆಯಲ್ಲಿ ತೆರಪು, ಚಿಹ್ನೆ ಮತ್ತು ದೊಡ್ಡಕ್ಷರ

ಕನ್ನಡದ ಇಂದಿನ ಅಲ್ಪವಿರಾಮ, ಪ್ರಶ್ನಚಿಹ್ನೆ, ಉದ್ಧರಣ ಚಿಹ್ನೆ ಮೊದಲಾದವು ಇಂಗ್ಲಿಷ್ ಮುದ್ರಣದ ಸಂಪರ್ಕದಿಂದ ಬಂದವುಗಳೆಂಬುದು ಬಲ್ಲವರಿಗೆ ತಿಳಿದ ವಿಷಯ. ಈ ಕಾರಣದಿಂದಲೇ ಕನ್ನಡ ಮತ್ತು ಇಂಗ್ಲಿಷುಗಳಲ್ಲಿ ಓದಿದ ವಿದ್ಯಾರ್ಥಿಯು ಫ್ರೆಂಚ್ ಭಾಷೆಯನ್ನು ಕಲಿಯತೊಡಗಿದಾಗ, ಶಬ್ದಗಳು ಬೇರೆಯಾದರೂ ಚಿಹ್ನೆಗಳು ಒಂದೇ ಎಂದು ಭಾವಿಸುವುದು ಸಹಜ. ಆದರೆ ಫ್ರೆಂಚರ ಪುಸ್ತಕವೊಂದನ್ನು ತೆರೆದೊಡನೆ ಪ್ರಶ್ನಚಿಹ್ನೆಯು ಪದದಿಂದ ಕೊಂಚ ದೂರ ನಿಂತಿರುವುದು ಕಣ್ಣಿಗೆ ಬೀಳುತ್ತದೆ. ಅದು ಅಚ್ಚಿನ ದೋಷವಲ್ಲ, ನಿಯಮ. ಆ ಭಾಷೆಯಲ್ಲಿ ತೆರಪು ಬರಿಯ ಶೂನ್ಯವಲ್ಲ. ಅಕ್ಷರದಂತೆಯೇ ಅದಕ್ಕೂ ಸ್ಥಾನವುಂಟು, ಅಳತೆಯುಂಟು.

ಲಿಂಗವೂ ಉಂಟೆಂದರೆ ಆಶ್ಚರ್ಯವಾದೀತು. ‘ಎಸ್ಪಾಸ್’ ಎಂಬ ಫ್ರೆಂಚ್ ಶಬ್ದವು ಸ್ಥಳ, ಅವಕಾಶ ಎಂಬ ಸಾಮಾನ್ಯಾರ್ಥದಲ್ಲಿ ಪುಲ್ಲಿಂಗ. ಮುದ್ರಣಕಾರರ ಪರಿಭಾಷೆಯಲ್ಲಿ ಅದೇ ಶಬ್ದ ಸ್ತ್ರೀಲಿಂಗ. ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಪದಗಳ ನಡುವೆ ಇಡುತ್ತಿದ್ದ ಸೀಸದ ತುಂಡಿಗೆ ಆ ಹೆಸರು. ಅದು ಮೊಳೆಗಿಂತ ಎತ್ತರದಲ್ಲಿ ಕಡಿಮೆಯಾದುದರಿಂದ ಮಸಿ ತಾಗದೆ ಕಾಗದದ ಮೇಲೆ ಬಿಳಿಯಾಗಿಯೇ ಉಳಿಯುತ್ತಿತ್ತು. ತೆರಪೆಂಬುದು ಕೈಯಲ್ಲಿ ಹಿಡಿಯಬಹುದಾದ ವಸ್ತುವಾಗಿದ್ದುದರಿಂದಲೇ ದಪ್ಪವಾದುದು ಎಲ್ಲಿ, ತೆಳುವಾದುದು ಎಲ್ಲಿ ಎಂಬ ಕಟ್ಟಳೆ ಬೆಳೆಯಿತು.

ಆ ಕಟ್ಟಳೆಯನ್ನು ನೆನಪಿನಲ್ಲಿಡಲು ಸುಲಭವಾದ ಸೂತ್ರವೊಂದಿದೆ. ಪೂರ್ಣವಿರಾಮ, ಅಲ್ಪವಿರಾಮಗಳು ಒಂದೇ ಅವಯವವುಳ್ಳ ಚಿಹ್ನೆಗಳು. ಇವುಗಳ ಹಿಂದೆ ತೆರಪಿಲ್ಲ, ಮುಂದೆ ಮಾತ್ರ ಉಂಟು. ಅರ್ಧವಿರಾಮ (;), ವಿವರಣ ಚಿಹ್ನೆ (:), ಪ್ರಶ್ನಚಿಹ್ನೆ (?), ಭಾವಸೂಚಕ ಚಿಹ್ನೆ (!) ಇವು ಎರಡು ಅವಯವಗಳುಳ್ಳವು, ಇವುಗಳಿಗೆ ಹಿಂದೆಯೂ ಮುಂದೆಯೂ ತೆರಪು ಬೇಕು. ಫ್ರಾನ್ಸಿನ ಸರ್ಕಾರಿ ಮುದ್ರಣಾಲಯವಾದ ‘ಆಂಪ್ರಿಮರಿ ನಾಸಿಯೊನಾಲ್’ ತನ್ನ ನಿಯಮಕೋಶದಲ್ಲಿ ಇನ್ನೂ ಸೂಕ್ಷ್ಮವಾದ ಭೇದವನ್ನು ಹೇಳುತ್ತದೆ: ವಿವರಣ ಚಿಹ್ನೆಯ ಹಿಂದೆ ಪದಗಳ ನಡುವೆ ಇರುವಷ್ಟೇ ಅಗಲದ ತೆರಪು, ಉಳಿದ ಮೂರರ ಹಿಂದೆ ಅದಕ್ಕಿಂತ ಕಿರಿದಾದ ತೆಳುತೆರಪು.

ಉದ್ಧರಣ ಚಿಹ್ನೆಯ ರೂಪವೇ ಬೇರೆ. ಇಂಗ್ಲಿಷಿನಂತೆ ಸಾಲಿನ ಮೇಲೆ ತೂಗುವ ಕೊಂಬುಗಳ ಬದಲು, ಸಾಲಿನ ನಡುಮಟ್ಟದಲ್ಲಿ « » ಎಂಬ ಜೋಡಿ ಕೋನಗಳು ಬರುತ್ತವೆ. ಇದಕ್ಕೆ ‘ಗಿಯ್ಮೆ’ ಎಂದು ಹೆಸರು. ಗಿಯೋಮ್ ಎಂಬ ಅಂಕಿತನಾಮದಿಂದ ಈ ಶಬ್ದ ಹುಟ್ಟಿತೆಂದು ಹೇಳುವುದುಂಟು. ಫ್ರೆಂಚಿನಲ್ಲಿ ಇವುಗಳ ಮೊನೆ ಹೊರಮುಖವಾಗಿರುತ್ತದೆ. ಜರ್ಮನ್ ಪುಸ್ತಕಗಳಲ್ಲಿ ಇದೇ ಚಿಹ್ನೆ ಅನೇಕ ವೇಳೆ » « ಎಂದು ಒಳಮುಖವಾಗಿ ತಿರುಗುತ್ತದೆ. ತೆರೆಯುವ ಗಿಯ್ಮೆಯ ಅನಂತರವೂ ಮುಚ್ಚುವ ಗಿಯ್ಮೆಗೆ ಮೊದಲೂ ತೆರಪು ಇರಬೇಕು.

ಇನ್ನು ದೊಡ್ಡಕ್ಷರದ ವಿಚಾರ. ಕನ್ನಡ ಲಿಪಿಯಲ್ಲಿ ಈ ಭೇದವೇ ಇಲ್ಲವಾದುದರಿಂದ ಕನ್ನಡಿಗರು ಅದನ್ನು ಇಂಗ್ಲಿಷಿನ ಮೂಲಕವೇ ಕಲಿಯುತ್ತಾರೆ. ತಪ್ಪುಗಳೂ ಅಲ್ಲಿಂದಲೇ ಬರುತ್ತವೆ. ಇಂಗ್ಲಿಷಿನಲ್ಲಿ ವಾರ, ತಿಂಗಳು, ಭಾಷೆ ಇವುಗಳ ಹೆಸರು ದೊಡ್ಡಕ್ಷರದಿಂದ ಮೊದಲಾಗುತ್ತವೆ. ಫ್ರೆಂಚಿನಲ್ಲಿ ಈ ಮೂರಕ್ಕೂ ಸಣ್ಣಕ್ಷರವೇ. ಒಬ್ಬ ಫ್ರೆಂಚನನ್ನು ನಾಮಪದದಿಂದ ಹೇಳಿದಾಗ ದೊಡ್ಡಕ್ಷರ, ಅದೇ ಶಬ್ದ ವಿಶೇಷಣವಾದರೆ ಸಣ್ಣಕ್ಷರ. ಆ ಭಾಷೆಯ ಕಾವಲಿಗೆಂದು 1635ರಲ್ಲಿ ಸ್ಥಾಪಿತವಾದ ಸಂಸ್ಥೆಯ ಹೆಸರನ್ನೇ ನೋಡಬಹುದು: Académie française. ಇಲ್ಲಿ ಮೊದಲ ಪದಕ್ಕೆ ಮಾತ್ರ ದೊಡ್ಡಕ್ಷರ. ಎರಡನೆಯದು ವಿಶೇಷಣವಾದುದರಿಂದ ಸಣ್ಣಕ್ಷರ.

ಇವೆಲ್ಲವನ್ನೂ ಒಂದೇ ವಾಕ್ಯದಲ್ಲಿ ಪರೀಕ್ಷಿಸಿ ನೋಡಬಹುದು. “ನೀವು ಫ್ರೆಂಚ್ ಮಾತನಾಡುತ್ತೀರಾ? ಎಂದು ಅಧ್ಯಾಪಕರು ಕೇಳಿದರು” ಎಂಬ ಅರ್ಥದ ವಾಕ್ಯವನ್ನು ಇಂಗ್ಲಿಷಿನ ಅಭ್ಯಾಸವುಳ್ಳವನು ಹೀಗೆ ಬರೆಯುತ್ತಾನೆ:

```
Le Professeur demanda: "Parlez-vous Français?"
```

ತಿದ್ದಿದ ರೂಪ ಹೀಗಿರುತ್ತದೆ:

```
Le professeur demanda : « Parlez-vous français ? »
```

ಅಧ್ಯಾಪಕ ಎಂಬುದು ವೃತ್ತಿಯ ಹೆಸರು, ಅಂಕಿತನಾಮವಲ್ಲ. ಆದುದರಿಂದ ಅದಕ್ಕೆ ಸಣ್ಣಕ್ಷರ. ಎರಡನೆಯ ಸಣ್ಣಕ್ಷರವು ಭಾಷೆಯ ಹೆಸರಾದುದರಿಂದ ಬಂದುದು. ಕೊಂಬುಗಳು ಹೋಗಿ ಗಿಯ್ಮೆಗಳು ಬಂದವು. ವಿವರಣ ಚಿಹ್ನೆಯ ಹಿಂದೆ ಒಂದು, ತೆರೆಯುವ ಗಿಯ್ಮೆಯ ಮುಂದೆ ಒಂದು, ಪ್ರಶ್ನಚಿಹ್ನೆಯ ಹಿಂದೆ ಒಂದು, ಮುಚ್ಚುವ ಗಿಯ್ಮೆಯ ಹಿಂದೆ ಒಂದು, ಹೀಗೆ ನಾಲ್ಕು ಹೊಸ ತೆರಪುಗಳು ಸೇರಿದವು. ಒಂದು ಶಬ್ದವೂ ಬದಲಾಗದೆ ಏಳು ತಿದ್ದುಪಡಿಗಳಾದವು.

ಆದರೆ ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಈ ನಾಲ್ಕು ತೆರಪುಗಳು ಪದಗಳನ್ನು ಬಿಡಿಸುವ ಸಾಮಾನ್ಯ ತೆರಪುಗಳಲ್ಲ. ಕನ್ನಡದಲ್ಲಿ ಅನುಸ್ವಾರ ವಿಸರ್ಗಗಳು ಯೋಗವಾಹಗಳು, ಅನ್ಯಾಕ್ಷರವನ್ನು ಬಿಟ್ಟು ನಿಲ್ಲಲಾರವು. ಹಾಗೆಯೇ ಫ್ರೆಂಚಿನ ಪ್ರಶ್ನಚಿಹ್ನೆಯೂ ನೋಟಕ್ಕೆ ದೂರವಿದ್ದರೂ ತನ್ನ ಪದವನ್ನು ಬಿಟ್ಟಿರುವಂತಿಲ್ಲ. ಗಣಕಯಂತ್ರದಲ್ಲಿ ಸಾಮಾನ್ಯ ತೆರಪಿನ ಕೀಲಿಯನ್ನೇ ಒತ್ತಿದರೆ, ಸಾಲು ಅಲ್ಲಿಗೇ ಮುಗಿದಾಗ ಪದ ಮೇಲಿನ ಸಾಲಿನಲ್ಲಿ ಉಳಿದು ಪ್ರಶ್ನಚಿಹ್ನೆ ಕೆಳಗಿನ ಸಾಲಿನ ತಲೆಯಲ್ಲಿ ಒಂಟಿಯಾಗಿ ಬೀಳುತ್ತದೆ. ಇದನ್ನು ತಡೆಯಲು ಒಡೆಯದ ತೆರಪು ಎಂಬುದೊಂದಿದೆ. ಯೂನಿಕೋಡ್ ಸಂಕೇತದಲ್ಲಿ ಅದರ ಸಂಖ್ಯೆ U+00A0. ತೆಳುವಾದ ಒಡೆಯದ ತೆರಪಿನದು U+202F. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ Ctrl+Shift+Space ಒತ್ತಿದರೆ ಮೊದಲನೆಯದು ದೊರೆಯುತ್ತದೆ. ಅಡಗಿದ ಗುರುತುಗಳನ್ನು ತೋರಿಸುವಂತೆ ಮಾಡಿದಾಗ ಸಾಮಾನ್ಯ ತೆರಪು ಚುಕ್ಕೆಯಾಗಿಯೂ ಒಡೆಯದ ತೆರಪು ಸಣ್ಣ ಸುತ್ತಾಗಿಯೂ ಕಾಣುವುದರಿಂದ ತಪ್ಪನ್ನು ಕಂಡುಹಿಡಿಯುವುದು ಕಷ್ಟವಲ್ಲ.

ದೊಡ್ಡಕ್ಷರದಲ್ಲಿ ಅಡಗಿರುವ ಇನ್ನೊಂದು ಅಪಾಯವು ಅರ್ಥವನ್ನೇ ಕೆಡಿಸಬಲ್ಲುದು. ಬೆರಳಚ್ಚು ಯಂತ್ರಗಳಲ್ಲಿ ಸ್ವರಚಿಹ್ನೆ ಸಹಿತವಾದ ದೊಡ್ಡಕ್ಷರಗಳಿಗೆ ಸಾಮಾನ್ಯವಾಗಿ ಕೀಲಿಗಳಿರಲಿಲ್ಲ. ಆದುದರಿಂದ ಚಿಹ್ನೆಯನ್ನು ಬಿಟ್ಟುಬಿಡುವ ರೂಢಿ ಬಲವಾಗಿ, ಅದೇ ನಿಯಮವೆಂದು ಫ್ರೆಂಚರಲ್ಲಿಯೂ ಅನೇಕರು ನಂಬಿದರು. ಪತ್ರಿಕೆಯೊಂದರ ತಲೆಬರಹವನ್ನು ಹೀಗೆ ಅಚ್ಚಿಸಿದರೆಂದು ಭಾವಿಸೋಣ:

```
UN POLICIER TUE
UN POLICIER TUÉ
```

ಮೊದಲ ಸಾಲಿನ ಅರ್ಥ “ಪೊಲೀಸನೊಬ್ಬ ಕೊಲ್ಲುತ್ತಾನೆ” ಎಂದು; ಎರಡನೆಯದರ ಅರ್ಥ “ಪೊಲೀಸನೊಬ್ಬನ ಕೊಲೆ” ಎಂದು. ಕೊನೆಯ ಅಕ್ಷರದ ಮೇಲಿನ ಒಂದು ಗೀಟು ಬಿಟ್ಟುಹೋದರೆ ಹತನಾದವನು ಹಂತಕನಾಗುತ್ತಾನೆ. ಇದಕ್ಕಾಗಿಯೇ ಮೇಲೆ ಹೇಳಿದ ಅಕಾಡೆಮಿಯು, ಸ್ವರಚಿಹ್ನೆಗೆ ಕಾಗುಣಿತದ ಪೂರ್ಣ ಬೆಲೆಯುಂಟು, ದೊಡ್ಡಕ್ಷರದಲ್ಲಿಯೂ ಅದನ್ನು ಬಿಡಬಾರದು ಎಂದು ವಿಧಿಸುತ್ತದೆ. 2019ರಲ್ಲಿ ಫ್ರಾನ್ಸಿನ ಪ್ರಮಾಣೀಕರಣ ಸಂಸ್ಥೆಯು ಪ್ರಕಟಿಸಿದ ಕೀಲಿಮಣೆಯ ಮಾನಕದಲ್ಲಿ ಇಂಥ ದೊಡ್ಡಕ್ಷರಗಳಿಗೂ ಗಿಯ್ಮೆಗಳಿಗೂ ಸ್ಥಾನ ಕಲ್ಪಿಸಲಾಗಿದೆ.

ಫ್ರೆಂಚ್ ಆಡುವ ನಾಡುಗಳಲ್ಲೆಲ್ಲ ಈ ಕಟ್ಟಳೆ ಏಕರೂಪವಾಗಿದೆಯೆಂದು ತಿಳಿಯಬಾರದು. ಕೆನಡಾದ ಕ್ವೆಬೆಕ್ ಪ್ರಾಂತದಲ್ಲಿ ವಿವರಣ ಚಿಹ್ನೆಯ ಹಿಂದೆ ಮತ್ತು ಗಿಯ್ಮೆಗಳ ಒಳಗೆ ತೆರಪನ್ನು ಉಳಿಸಿಕೊಂಡರೂ, ತೆಳುತೆರಪಿಗೆ ಅನುಕೂಲವಿಲ್ಲದಾಗ ಪ್ರಶ್ನಚಿಹ್ನೆ, ಭಾವಸೂಚಕ ಚಿಹ್ನೆ, ಅರ್ಧವಿರಾಮಗಳನ್ನು ಪದಕ್ಕೆ ಅಂಟಿಸಿಯೇ ಬರೆಯುತ್ತಾರೆ. ಸ್ವಿಟ್ಜರ್ಲೆಂಡಿನಲ್ಲಿ ಗಿಯ್ಮೆಯ ಒಳಗಣ ತೆರಪು ತೀರ ಕಿರಿದು, ಕೆಲವೊಮ್ಮೆ ಇಲ್ಲವೇ ಇಲ್ಲ. ಆದುದರಿಂದ ಪತ್ರವಾಗಲಿ ಪ್ರಬಂಧವಾಗಲಿ ಯಾವ ನಾಡಿನ ಓದುಗರಿಗೆ ಹೋಗುವುದೆಂಬುದನ್ನು ಮೊದಲು ನಿಶ್ಚಯಿಸಿಕೊಂಡು, ಆ ನಾಡಿನ ಪದ್ಧತಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಸಮನಾಗಿ ಪಾಲಿಸುವುದು ಯುಕ್ತ.