ಗಂಟು ಮಗುಚಿದರೆ ಉಂಗುರ ಮುಚ್ಚುತ್ತದೆ

ಟ್ಯಾಟಿಂಗ್ ಕಲಿಯಲು ಕೂತವರಿಂದ ಹೆಚ್ಚಾಗಿ ಕೇಳಿಬರುವ ದೂರು ಇದು: ‘ಗಂಟೇನೋ ಬೀಳ್ತಿದೆ, ಆದ್ರೆ ದಾರ ಎಳೆದ್ರೆ ಉಂಗುರ ಮುಚ್ಕೊಳ್ತಾನೇ ಇಲ್ಲ.’ ಗಂಟು ನೋಡಲು ಸರಿಯಾಗಿಯೇ ಇರುತ್ತದೆ. ಅದು ಕೂತಿರುವ ದಾರ ಮಾತ್ರ ತಪ್ಪಾಗಿರುತ್ತದೆ.

ಕರವಸ್ತ್ರದ ಅಂಚಿಗೆ, ರವಿಕೆಯ ಕುತ್ತಿಗೆಗೆ ಹಾಕುವ ಈ ಲೇಸಿಗೆ ಸೂಜಿ ಬೇಡ, ಮಗ್ಗ ಬೇಡ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದೊಂದು ಷಟಲ್ಲಿಗೆ ದಾರ ಸುತ್ತಿ, ಎಡಗೈ ಬೆರಳುಗಳ ಮೇಲೆ ಅದೇ ದಾರದ ಕುಣಿಕೆ ಹಾಕಿ, ಅದರ ಮೇಲೆ ಗಂಟು ಕಟ್ಟುತ್ತ ಹೋಗುವುದು. ಸಾಕಷ್ಟು ಗಂಟಾದ ಮೇಲೆ ಷಟಲ್ ದಾರ ಎಳೆದರೆ ಕುಣಿಕೆ ಮುಚ್ಚಿ ಉಂಗುರವಾಗುತ್ತದೆ. ಥೆರೆಸ್ ಡಿ ಡಿಲ್‌ಮಾಂಟ್ 1886ರಲ್ಲಿ ಹೊರತಂದ ಸೂಜಿಕೆಲಸದ ವಿಶ್ವಕೋಶದಲ್ಲಿ ಟ್ಯಾಟಿಂಗ್‌ಗೆ ಒಂದು ಅಧ್ಯಾಯವೇ ಇದೆ, ಕೈಗಳ ಚಿತ್ರ ಸಮೇತ. ಆದರೆ ಈ ಕೆಲಸದ ಮರ್ಮ ಇರುವುದು ಚಲನೆಯಲ್ಲಿ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಆ ಚಲನೆ ನಿಂತ ಚಿತ್ರಕ್ಕೆ ಸಿಗುವುದು ಕಷ್ಟ.

ಅದನ್ನು ಕಣ್ಣಾರೆ ನೋಡಲು ಎರಡು ಬಣ್ಣದ ದಾರ ತೆಗೆದುಕೊಳ್ಳಿ. ಷಟಲ್ಲಿಗೆ ಕೆಂಪು, ಎಡಗೈಗೆ ಬಿಳಿ. ಹತ್ತನೇ ನಂಬರಿನ ಕ್ರೋಶಾ ದಾರ ಸಾಕು. ನಂಬರ್ ಏರಿದಷ್ಟೂ ದಾರ ತೆಳುವಾಗುವುದರಿಂದ ನಲವತ್ತರ ಆಸೆ ಈಗಲೇ ಬೇಡ. ಎರಡರ ತುದಿಯನ್ನೂ ಸೇರಿಸಿ ಗಂಟು ಹಾಕಿ, ಆ ಗಂಟನ್ನು ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಚಿವುಟಿ ಹಿಡಿಯಿರಿ. ಬಿಳಿ ದಾರವನ್ನು ಉಳಿದ ಬೆರಳುಗಳ ಮೇಲೆ ಹಾಯಿಸಿ ಕಿರುಬೆರಳಿಗೆ ಎರಡು ಸುತ್ತು ಸುತ್ತಿಕೊಳ್ಳಿ.

ಈಗ ಷಟಲ್ಲನ್ನು ಬಿಳಿ ದಾರದ ಕೆಳಗಿಂದ ತೂರಿಸಿ, ಮೇಲಿಂದ ವಾಪಸ್ ತನ್ನಿ. ಬಿಳಿ ದಾರ ಬಿಗಿಯಾಗಿ ನಿಂತಿದೆ, ಕೆಂಪು ಅದರ ಮೇಲೆ ಸುತ್ತಿಕೊಂಡಿದೆ. ಇಲ್ಲಿಯೇ ಎಳೆದು ಬಿಗಿ ಮಾಡಿದರೆ ಕೆಲಸ ಕೆಟ್ಟಂತೆ. ಎಡಗೈಯ ಬೆರಳುಗಳನ್ನು ಸ್ವಲ್ಪ ಬಾಗಿಸಿ ಬಿಳಿ ದಾರವನ್ನು ಸಡಿಲ ಬಿಡಬೇಕು, ಅದೇ ಹೊತ್ತಿಗೆ ಬಲಗೈಯಿಂದ ಕೆಂಪನ್ನು ನೇರವಾಗಿ, ತಂತಿಯ ಹಾಗೆ ಎಳೆದು ನಿಲ್ಲಿಸಬೇಕು. ಆಗ ಸುತ್ತು ಮಗುಚುತ್ತದೆ. ಸುತ್ತಿಕೊಂಡಿದ್ದ ಕೆಂಪು ನೆಟ್ಟಗಾಗುತ್ತದೆ, ನೆಟ್ಟಗಿದ್ದ ಬಿಳಿ ಅದರ ಮೇಲೆ ಬಂದು ಸುತ್ತಿಕೊಳ್ಳುತ್ತದೆ.

ಮಗುಚಿತೆಂದು ಖುಷಿಪಟ್ಟು ಬಲಗೈ ಸಡಿಲ ಬಿಡಬಾರದು. ಹೆಚ್ಚಿನವರು ಎಡವುವುದು ಇಲ್ಲಿಯೇ. ಕೆಂಪು ಬಿಗಿಯಾಗಿಯೇ ಇರಲಿ, ಎಡಗೈಯ ಮಧ್ಯದ ಬೆರಳನ್ನು ನಿಧಾನ ಮೇಲೆತ್ತಿದರೆ ಬಿಳಿಯ ಸುತ್ತು ಕೆಂಪಿನ ಮೇಲೆ ಜಾರುತ್ತ ಬಂದು ಹೆಬ್ಬೆರಳಿನ ಪಕ್ಕದಲ್ಲಿ ಕೂರುತ್ತದೆ. ಅದನ್ನು ಚಿವುಟಿ ಹಿಡಿದ ಮೇಲಷ್ಟೇ ಬಲಗೈಗೆ ಬಿಡುವು. ನಡುವೆ ಬಲಗೈ ಸಡಿಲಿ ಎಡಗೈ ಬಿಗಿದರೆ ಸುತ್ತು ತಿರುಗಿ ಮೊದಲಿನ ಜಾಗಕ್ಕೇ ಹೋಗುತ್ತದೆ. ಇಷ್ಟಾದರೆ ಅರ್ಧ ಗಂಟು. ಉಳಿದರ್ಧಕ್ಕೆ ಷಟಲ್ ಮೇಲಿಂದ ಹೋಗಿ ಕೆಳಗಿಂದ ಬರಬೇಕು, ಮಗುಚುವ ಕ್ರಮ ಮಾತ್ರ ಅದೇ. ಎರಡೂ ಸೇರಿ ಒಂದು ಜೋಡಿಗಂಟು. ಮರೆತು ಒಂದೇ ಬಗೆಯ ಅರ್ಧವನ್ನೇ ಹಾಕುತ್ತ ಹೋದರೆ ಸಾಲು ಸುರುಳಿ ಸುತ್ತಿಕೊಳ್ಳತೊಡಗುತ್ತದೆ.

ಹತ್ತು ಗಂಟಾದ ಮೇಲೆ ನೋಡಿ. ಸಾಲು ಪೂರ್ತಿ ಬಿಳಿಯಾಗಿದ್ದು, ಕೆಂಪು ಒಳಗೆ ಅಡಗಿದ್ದರೆ ಸರಿ. ನಡುವೆ ಎಲ್ಲಾದರೂ ಕೆಂಪು ಉಬ್ಬು ಕಂಡರೆ ಆ ಅರ್ಧ ಮಗುಚಿಲ್ಲ. ಕೆಂಪು ದಾರ ಎಳೆದರೂ ಗೊತ್ತಾಗುತ್ತದೆ: ಮಗುಚಿದ ಗಂಟುಗಳು ದಾರದ ಮೇಲೆ ಓಡಾಡುತ್ತವೆ, ಮಗುಚದ್ದು ಬೀಗ ಹಾಕಿದಂತೆ ನಿಂತುಬಿಡುತ್ತದೆ. ಅದನ್ನು ಎಳೆದು ಸರಿಮಾಡಲು ಹೋಗಬೇಡಿ, ಇನ್ನೂ ಬಿಗಿಯುತ್ತದೆ. ಸೂಜಿಯ ಮೊನೆಯಿಂದ ಬಿಡಿಸುವುದೊಂದೇ ದಾರಿ, ಅದೂ ಆದಷ್ಟು ಬೇಗ.

ಉಂಗುರಕ್ಕೆ ಬಂದರೆ ಬಣ್ಣದ ಸಹಾಯ ಇರುವುದಿಲ್ಲ, ಕುಣಿಕೆಯೂ ಷಟಲ್ಲೂ ಒಂದೇ ದಾರ. ಕೈಯ ಸುತ್ತ ಹಾಯ್ದ ದಾರ ಹೆಬ್ಬೆರಳಿಗೆ ವಾಪಸ್ ಬಂದು, ಮೊದಲ ಗಂಟಿನೊಳಗೆ ಹೊಕ್ಕು, ಎಲ್ಲ ಗಂಟುಗಳನ್ನೂ ಹಾದು ಷಟಲ್ಲಿಗೆ ಹೋಗುತ್ತದೆ. ಈ ದಾರಿ ಮನಸ್ಸಿನಲ್ಲಿದ್ದರೆ ಅರ್ಧ ಗೊಂದಲ ಕಳೆಯಿತು. ಗಂಟು ಹಾಕಿದಷ್ಟೂ ಕುಣಿಕೆ ಕಿರಿದಾಗುತ್ತದೆ, ಆಗ ಅದರ ಕೆಳಗಿನ ಎಳೆಯನ್ನು ಕೆಳಕ್ಕೆ ಎಳೆದರೆ ಷಟಲ್ ಕಡೆಯಿಂದ ದಾರ ಜಾರಿಬಂದು ಮತ್ತೆ ಹಿಗ್ಗುತ್ತದೆ. ಜಾರಲಿಲ್ಲವೋ, ಈಗಷ್ಟೇ ಹಾಕಿದ ಗಂಟುಗಳಲ್ಲಿ ಒಂದು ಬೀಗ ಬಿದ್ದಿದೆ. ಐದೈದು ಗಂಟಿಗೊಮ್ಮೆ ಹೀಗೆ ಎಳೆದು ನೋಡುವುದು ನನ್ನ ಮಟ್ಟಿಗೆ ಕಡ್ಡಾಯ.

ಒಂದು ಸಾದಾ ಉಂಗುರ ಮಾಡೋಣ: ಐದು ಗಂಟು, ಒಂದು ಪಿಕೋ, ಹೀಗೆ ಮೂರು ಪಿಕೋ ಆಗುವವರೆಗೆ, ಕೊನೆಗೆ ಮತ್ತೈದು. ಒಟ್ಟು ಇಪ್ಪತ್ತು ಗಂಟು. ಪಿಕೋ ಎಂದರೆ ಇಲ್ಲಿ ಸೀರೆ ಅಂಚಿಗೆ ಮೆಷಿನ್ನಿನಲ್ಲಿ ಹಾಕಿಸುವುದಲ್ಲ. ಎರಡು ಗಂಟುಗಳ ನಡುವೆ ಬಿಟ್ಟ ತೆರವು ಹತ್ತಿರ ಸರಿದಾಗ ಏಳುವ ಪುಟ್ಟ ಕುಣಿಕೆ.

ಮುಚ್ಚುವ ಮೊದಲು ಷಟಲ್ಲನ್ನು ಕೈಬಿಟ್ಟು ತೂಗಾಡಿಸಿ. ಕೆಲಸ ಮಾಡುತ್ತ ದಾರಕ್ಕೆ ಮುರಿ ಏರಿರುತ್ತದೆ, ಷಟಲ್ ತಾನೇ ಗಿರಗಿರ ತಿರುಗಿ ಅದನ್ನು ಬಿಡಿಸುತ್ತದೆ. ಈ ಮುರಿ ಉಳಿದರೆ ಕುಣಿಕೆ ಕಿರಿದಾದಾಗ ಹೊರಳಿಕೊಂಡು ಸಿಕ್ಕಾಗುತ್ತದೆ. ಆಮೇಲೆ ಕುಣಿಕೆಯನ್ನು ಬೆರಳಿನಿಂದ ಕಳಚಿ, ಗಂಟುಗಳ ಸಾಲನ್ನು ಮೆತ್ತಗೆ ಹಿಡಿದು, ಷಟಲ್ ದಾರವನ್ನು ಸಾಲಿನ ದಿಕ್ಕಿನಲ್ಲಿಯೇ ಎಳೆಯಿರಿ. ಅಡ್ಡಕ್ಕೆ ಎಳೆದರೆ ಕೊನೆಯ ಗಂಟು ಓರೆಯಾಗುತ್ತದೆ. ಒಂದೇ ಸಲ ಜಗ್ಗುವುದೂ ಬೇಡ: ಸ್ವಲ್ಪ ಎಳೆ, ಗಂಟುಗಳನ್ನು ಸರಿಸಿ ಹರಡು, ಮತ್ತೆ ಎಳೆ. ಒಳಗಿನ ದಾರ ತುಂಡಾದರೆ ಉಂಗುರ ಕಥೆ ಮುಗಿಯಿತು. ಕುಣಿಕೆ ಬಟಾಣಿ ಗಾತ್ರಕ್ಕೆ ಬಂದಾಗ ಅದರೊಳಗೆ ಒಂದು ಗುಂಡುಸೂಜಿ ಇಟ್ಟುಕೊಂಡರೆ ಕೊನೆಯವರೆಗೂ ಹೊರಳುವುದಿಲ್ಲ.

ಉಂಗುರದ ಬುಡದಲ್ಲಿ ಉಳಿಯುವ ಸಣ್ಣ ಬಿರುಕು ಕಲಿತವರನ್ನೂ ಕಾಡುತ್ತದೆ. ಇದಕ್ಕೆ ಕಾರಣ ಬಹುಪಾಲು ಕೊನೆಯಲ್ಲಲ್ಲ, ಮೊದಲಲ್ಲಿಯೇ ಇರುತ್ತದೆ. ಹಿಡಿತ ಜಾರಿ ಮೊದಲ ಗಂಟು ಸಡಿಲವಾಗಿ ಕೂತಿದ್ದರೆ ಕೊನೆಗೆ ಎಷ್ಟು ಎಳೆದರೂ ಅದು ಪಕ್ಕಕ್ಕೆ ಬರುವುದಿಲ್ಲ. ಮೊದಲ ಗಂಟು ಗಟ್ಟಿಯಾಗಿದ್ದರೆ, ಕೊನೆಯ ಎಳೆತಕ್ಕೆ ಮೊದಲ ಮತ್ತು ಕೊನೆಯ ಗಂಟನ್ನು ಉಗುರುಗಳ ನಡುವೆ ಅಕ್ಕಪಕ್ಕ ಒತ್ತಿ ಹಿಡಿದು ಮುಚ್ಚಿದರೆ ಸಾಕು. ಪೂರ್ತಿ ಬಿಗಿದರೆ ಉಂಗುರದ ಆಕಾರ ಹನಿಯಂತೆ ಬುಡದಲ್ಲಿ ಚೂಪಾಗುತ್ತದೆ. ಹೂವಿನ ಎಸಳಿಗೆ ಅದು ಚೆಂದ.

ಮುಚ್ಚಿದ ಮೇಲೆ ಗಂಟಿನ ಲೆಕ್ಕ ತಪ್ಪಿದ್ದು ಕಂಡರೆ ಷಟಲ್ ದಾರವನ್ನು ಹಿಂದಕ್ಕೆ ತಳ್ಳಿ ಉಂಗುರ ಬಿಡಿಸಲಾಗದು. ಉಂಗುರವನ್ನು ಬೆರಳಲ್ಲಿ ಅತ್ತಿತ್ತ ಮಡಿಸಿ ಸಡಿಲಿಸಿ, ಕೊನೆಯ ಪಿಕೋದ ಎರಡೂ ಕಡೆಯ ಗಂಟುಗಳನ್ನು ದೂರ ಸರಿಸಿದರೆ ನಡುವೆ ಒಳದಾರ ಕಾಣುತ್ತದೆ. ಅದನ್ನು ಗುಂಡುಸೂಜಿಯಿಂದ ಮೀಟಿ ಸ್ವಲ್ಪ ಎಳೆದುಕೊಳ್ಳಬೇಕು. ಹೀಗೆ ಸಿಕ್ಕ ದಾರವನ್ನು ಒಂದೊಂದು ಪಿಕೋ ದಾಟಿಸುತ್ತ ಮೊದಲ ಗಂಟಿನತ್ತ ತಂದರೆ ಬುಡದಲ್ಲಿ ಕುಣಿಕೆ ಮತ್ತೆ ಬಾಯಿ ತೆರೆಯುತ್ತದೆ. ಪಿಕೋ ಇಲ್ಲದ ಉಂಗುರದಲ್ಲಿ ಸೂಜಿಗೆ ಒಳದಾರ ಸಿಗುವ ಜಾಗವೇ ಕಷ್ಟ. ಅಂಥದ್ದನ್ನು ಕತ್ತರಿಸಿ ಹೊಸದಾಗಿ ಶುರುಮಾಡುವುದೇ ವಾಸಿ.