ದಾವೀದನ ಹೆಸರು ಹೊತ್ತ ಕೀರ್ತನೆಗಳು

ಸತ್ಯವೇದದ ಕೀರ್ತನೆಗಳ ಪುಸ್ತಕದಲ್ಲಿ 150 ಹಾಡುಗಳಿವೆ. ಅವೆಲ್ಲವನ್ನೂ ದಾವೀದ ಅರಸನೇ ಬರೆದನೆಂದು ಹೇಳುವುದು ರೂಢಿ. ಆದರೆ ಹೀಬ್ರೂ ಮೂಲದಲ್ಲಿ ಅವನ ಹೆಸರಿರುವುದು 73 ಹಾಡುಗಳ ತಲೆಬರಹದಲ್ಲಿ ಮಾತ್ರ. ಉಳಿದವುಗಳಲ್ಲಿ ಹನ್ನೆರಡು ಆಸಾಫನವು, ಎರಡು ಸೊಲೊಮೋನನವು, 90ನೆಯದು ಮೋಶೆಯದು. ದೇವಾಲಯದ ಗಾಯಕರ ಮನೆತನವಾದ ಕೋರಹನ ಮಕ್ಕಳ ಹೆಸರಿನಲ್ಲೂ ಹಲವಿವೆ. ಯಾರ ಹೆಸರೂ ಇಲ್ಲದವೂ ಬಹಳಷ್ಟಿವೆ.

ದಾವೀದನ ಹೆಸರಿರುವಲ್ಲಿ ಹೀಬ್ರೂ ಭಾಷೆ ಬಳಸುವುದು ‘ಲೆ-ದಾವೀದ್’ ಎಂಬ ಚಿಕ್ಕ ಮಾತನ್ನು. ಆ ‘ಲೆ’ ಎಂಬ ಪ್ರತ್ಯಯಕ್ಕೆ ‘ದಾವೀದನ’ ಎಂದೂ, ‘ದಾವೀದನಿಗೆ’ ಎಂದೂ, ‘ದಾವೀದನನ್ನು ಕುರಿತ’ ಎಂದೂ ಅರ್ಥ ಹೇಳಬಹುದು. ಕೋರಹನ ಮಕ್ಕಳ ಹೆಸರಿನ ಹಿಂದೆ ಇರುವುದೂ ಇದೇ ‘ಲೆ’. ಒಂದು ಮನೆತನವೆಲ್ಲ ಕೂಡಿ ಒಂದು ಹಾಡು ಕಟ್ಟಿತು ಎನ್ನುವುದಕ್ಕಿಂತ, ಅದು ಅವರ ಸಂಗ್ರಹಕ್ಕೆ ಸೇರಿದ್ದು ಎನ್ನುವುದೇ ಅಲ್ಲಿ ಸಹಜ. ದಾವೀದನ ವಿಷಯದಲ್ಲೂ ಹಾಗೇಕೆ ಇರಬಾರದು ಎಂಬುದು ವಿದ್ವಾಂಸರ ಪ್ರಶ್ನೆ.

ಹದಿಮೂರು ಹಾಡುಗಳ ತಲೆಬರಹಗಳು ಇನ್ನೂ ಮುಂದೆ ಹೋಗಿ ದಾವೀದನ ಬಾಳಿನ ಒಂದೊಂದು ಘಟನೆಯನ್ನೇ ಹೆಸರಿಸುತ್ತವೆ. 51ನೆಯ ಕೀರ್ತನೆಯನ್ನೇ ನೋಡೋಣ. ಬತ್ಷೆಬೆಯೊಡನೆ ಪಾಪ ಮಾಡಿದ ಅರಸನ ಬಳಿಗೆ ಪ್ರವಾದಿ ನಾತಾನನು ಬಂದಾಗ ಹಾಡಿದ್ದು ಎನ್ನುತ್ತದೆ ತಲೆಬರಹ. ದಾವೀದನ ಕಾಲವೆಂದರೆ ಸುಮಾರು ಕ್ರಿ.ಪೂ. 1000. ಹಾಡಿನ ತುಂಬ ಇರುವ ಪಶ್ಚಾತ್ತಾಪ ಆ ಸಂದರ್ಭಕ್ಕೆ ಹೊಂದುತ್ತದೆ. ಆದರೆ ನಿನಗೊಬ್ಬನಿಗೇ ತಪ್ಪು ಮಾಡಿದೆ ಎಂದು ದೇವರಿಗೆ ಹೇಳುವ ಮಾತು, ಬತ್ಷೆಬೆಯ ಗಂಡ ಊರೀಯನನ್ನು ಕೊಲ್ಲಿಸಿದವನ ಬಾಯಲ್ಲಿ ನನಗಂತೂ ಇರಿಸುಮುರಿಸು ತರುತ್ತದೆ.

ಕೊನೆಯ ಎರಡು ವಚನಗಳಲ್ಲಿ ತೊಡಕು ಇನ್ನೂ ದೊಡ್ಡದು. ದೇವರಿಗೆ ಬೇಕಾದದ್ದು ಬಲಿಯಲ್ಲ, ಮುರಿದ ಮನಸ್ಸು ಎಂದು ಅಲ್ಲಿಯವರೆಗೆ ಹೇಳಿದ ಹಾಡು, ತಟ್ಟನೆ ಯೆರೂಸಲೇಮಿನ ಗೋಡೆಗಳನ್ನು ಕಟ್ಟು ಎಂದು ಬೇಡುತ್ತದೆ. ಆಮೇಲೆ ಬಲಿಗಳು ನಿನಗೆ ಮೆಚ್ಚಿಗೆಯಾಗುವವು ಎನ್ನುತ್ತದೆ. ಆ ಗೋಡೆಗಳನ್ನು ಬಾಬೆಲಿನವರು ಕೆಡವಿದ್ದು ಕ್ರಿ.ಪೂ. 586ರ ಸುಮಾರಿಗೆ, ದಾವೀದ ತೀರಿಕೊಂಡು ನಾನೂರು ವರ್ಷಗಳಾಗುತ್ತ ಬಂದಾಗ. ಸೆರೆಯಾಗಿ ದೂರದೇಶದಲ್ಲಿದ್ದವರು ಹಳೆಯ ಪ್ರಾರ್ಥನೆಗೆ ತಮ್ಮ ಮೊರೆಯನ್ನೂ ಸೇರಿಸಿದರೆಂದು ಓದಿದರೆ ಎರಡೂ ಭಾಗಗಳಿಗೆ ಅರ್ಥ ಬರುತ್ತದೆ. ಇದು ಆಧುನಿಕರ ತಕರಾರಲ್ಲ. ಬಾಬೆಲಿನಲ್ಲಿದ್ದ ಭಕ್ತನೊಬ್ಬ ಈ ಎರಡು ವಚನಗಳನ್ನು ಸೇರಿಸಿದನೆಂಬ ಸ್ಪೇನಿನ ಪಂಡಿತನೊಬ್ಬನ ಅಭಿಪ್ರಾಯವನ್ನು ಹನ್ನೆರಡನೆಯ ಶತಮಾನದಲ್ಲೇ ಯೆಹೂದಿ ವ್ಯಾಖ್ಯಾನಕಾರ ಇಬ್ನ್ ಎಜ್ರಾ ದಾಖಲಿಸಿದ್ದಾನೆ.

ಹಾಗೆಂದು ಇಡೀ ಹಾಡಿನ ಕಾಲ ಗೊತ್ತಾಯಿತು ಎನ್ನುವಂತಿಲ್ಲ. ಕೊನೆಯ ವಚನಗಳು ತಮ್ಮ ಕಾಲವನ್ನಷ್ಟೇ ಹೇಳುತ್ತವೆ. ಕಣ್ಣಿಗೆ ಕಾಣುವುದು ಅರಸನ ಹೆಸರು ಹಬ್ಬುತ್ತಾ ಹೋದ ಬಗೆ. ಬಾಬೆಲಿನ ನದಿಗಳ ಬಳಿ ಕೂತು ಅತ್ತವರ ಹಾಡು 137ನೆಯ ಕೀರ್ತನೆ. ಹೀಬ್ರೂವಿನಲ್ಲಿ ಅದಕ್ಕೆ ಯಾರ ಹೆಸರೂ ಇಲ್ಲ. ಪ್ರಾಚೀನ ಗ್ರೀಕ್ ಅನುವಾದದಲ್ಲಿ ಅದರ ತಲೆಯ ಮೇಲೂ ದಾವೀದನ ಹೆಸರು ಬಂದು ಕೂತಿದೆ.